ಶುಕ್ರನ ಉಲ್ಟಾ ಸುತ್ತು: ಕಲ್ಲು ಮತ್ತು ಗಾಳಿಯ ಹಗ್ಗಜಗ್ಗಾಟ

ಬೆಳಗಿನ ಜಾವ ಪೂರ್ವದಲ್ಲಿ ಥಳಥಳ ಹೊಳೆಯುವ ಬೆಳ್ಳಿಚುಕ್ಕಿಯನ್ನು ನಾವೆಲ್ಲ ನೋಡಿದ್ದೇವೆ. ಅದೇ ಶುಕ್ರ ಗ್ರಹ. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ ನಮ್ಮ ಲೆಕ್ಕದಲ್ಲಿ 224.7 ದಿನ ಹಿಡಿಯುತ್ತದೆ. ತನ್ನ ಸುತ್ತ ತಾನು ಒಂದು ಸಲ ತಿರುಗಲು 243 ದಿನ ಬೇಕು. ಅಂದರೆ ಅಲ್ಲಿ ವರ್ಷ ಮೊದಲು ಮುಗಿಯುತ್ತದೆ, ಒಂದು ತಿರುಗು ಆಮೇಲೆ ಮುಗಿಯುತ್ತದೆ.

ತಿರುಗುವ ದಿಕ್ಕೂ ಬೇರೆ. ಸೌರಮಂಡಲವನ್ನು ಉತ್ತರದ ಕಡೆಯಿಂದ, ಮೇಲಿನಿಂದ ನೋಡುತ್ತಿದ್ದೇವೆ ಅಂದುಕೊಳ್ಳಿ. ಎಲ್ಲ ಗ್ರಹಗಳೂ ಸೂರ್ಯನನ್ನು ಅಪ್ರದಕ್ಷಿಣೆಯಾಗಿ ಸುತ್ತುತ್ತವೆ. ಭೂಮಿ, ಮಂಗಳ, ಗುರು, ಶನಿ ತಮ್ಮ ಸುತ್ತ ತಿರುಗುವುದೂ ಅಪ್ರದಕ್ಷಿಣೆಯಾಗಿಯೇ. ಯುರೇನಸ್ ಮಗ್ಗುಲಾಗಿ ಮಲಗಿಕೊಂಡು ಉರುಳುತ್ತದೆ, ಅದರ ಕತೆ ಬೇರೆ. ಶುಕ್ರ ಮಾತ್ರ ಹೆಚ್ಚುಕಡಿಮೆ ನೆಟ್ಟಗೆ ನಿಂತುಕೊಂಡೇ ಪ್ರದಕ್ಷಿಣೆಯ ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ.

ಯಾವುದೋ ದೊಡ್ಡ ಬಂಡೆ ಬಂದು ಗುದ್ದಿ ಹೀಗಾಯಿತು ಅನ್ನುವ ವಿವರಣೆ ಎಲ್ಲ ಕಡೆ ಸಿಗುತ್ತದೆ. ಅದು ಅಸಾಧ್ಯವೇನಲ್ಲ. ಆದರೆ ಈ ಪ್ರಕರಣದಲ್ಲಿ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಅದು ಶುಕ್ರನ ಗಾಳಿ. ಅದನ್ನು ಅರ್ಥಮಾಡಿಕೊಳ್ಳಲು 243 ಅನ್ನುವ ಸಂಖ್ಯೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು.

ಮೋಡದ ಹಿಂದೆ ಏನಿದೆ ಅಂತ ಗೊತ್ತಾದದ್ದು

ಶುಕ್ರನ ನೆಲ ದೂರದರ್ಶಕಕ್ಕೆ ಕಾಣುವುದಿಲ್ಲ. ಗ್ರಹದ ತುಂಬ ದಟ್ಟ ಮೋಡ, ಒಂದು ಕಡೆಯೂ ಬಿರುಕಿಲ್ಲ. 1660ರ ದಶಕದಲ್ಲಿ ಕ್ಯಾಸಿನಿ ಮಸುಕು ಕಲೆಗಳನ್ನು ನೋಡಿ, ಶುಕ್ರ ಸುಮಾರು ಒಂದು ದಿನದಲ್ಲಿ ತಿರುಗುತ್ತದೆ ಅಂದುಕೊಂಡರು. 1890ರಲ್ಲಿ ಸ್ಕಿಯಾಪರೆಲ್ಲಿ, ಇಲ್ಲ, ಅದು ಯಾವಾಗಲೂ ಸೂರ್ಯನಿಗೆ ಒಂದೇ ಮುಖ ತೋರಿಸುತ್ತದೆ, ತಿರುಗಲು 225 ದಿನ ಬೇಕು ಅಂದರು. ಇಬ್ಬರೂ ನೋಡಿದ್ದು ಮೋಡವನ್ನು, ನೆಲವನ್ನಲ್ಲ. ಆ ಮೋಡಗಳ ಮೇಲ್ಪದರ ಗ್ರಹವನ್ನು ನಾಲ್ಕೇ ದಿನಕ್ಕೊಮ್ಮೆ ಸುತ್ತುತ್ತದೆ ಅನ್ನುವುದು ಬಹಳ ಆಮೇಲೆ ಗೊತ್ತಾಯಿತು.

ನೆಲ ಮುಟ್ಟಿದ್ದು ರಾಡಾರ್. 1962ರ ನವೆಂಬರ್ 12ರಂದು ಶುಕ್ರ ನಮಗೂ ಸೂರ್ಯನಿಗೂ ನಡುವೆ ಬಂತು. ಆ ಸಮಯದಲ್ಲಿ ಅದು ನಮಗೆ ಅತಿ ಹತ್ತಿರ, ಸುಮಾರು 4 ಕೋಟಿ ಕಿಲೋಮೀಟರ್ ದೂರದಲ್ಲಿ ಇರುತ್ತದೆ. ಅಮೆರಿಕದ ಗೋಲ್ಡ್‌ಸ್ಟೋನ್ ಕೇಂದ್ರದಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಮತ್ತು ರೋಲಂಡ್ ಕಾರ್ಪೆಂಟರ್ ರೇಡಿಯೊ ಅಲೆ ಕಳಿಸಿ ಅದರ ಪ್ರತಿಧ್ವನಿಗೆ ಕಾಯುತ್ತಿದ್ದರು. ಹೋಗಿ ಬರಲು ನಾಲ್ಕೂವರೆ ನಿಮಿಷ.

ಅವರು ಕಳಿಸಿದ್ದು ಒಂದೇ ಶ್ರುತಿಯ ಅಲೆ. ತಿರುಗುವ ಗೋಳಕ್ಕೆ ಬಡಿದು ವಾಪಸ್ ಬರುವಾಗ ಆ ಶ್ರುತಿ ಸ್ವಲ್ಪ ಹರಡಿಕೊಳ್ಳುತ್ತದೆ. ನಮ್ಮ ಕಡೆಗೆ ಬರುತ್ತಿರುವ ಅಂಚು ಶ್ರುತಿಯನ್ನು ಏರಿಸುತ್ತದೆ, ದೂರ ಹೋಗುತ್ತಿರುವ ಅಂಚು ಇಳಿಸುತ್ತದೆ. ಹತ್ತಿರ ಬರುವ ರೈಲಿನ ಸೀಟಿ ಚೂಪಾಗಿ ಕೇಳಿ, ದಾಟಿ ಹೋದ ಮೇಲೆ ದಪ್ಪಗಾಗುತ್ತದೆ ಅಲ್ವಾ, ಅದೇ ತತ್ವ. ಶುಕ್ರನಿಂದ ಬಂದ ಪ್ರತಿಧ್ವನಿ ಹರಡಿಕೊಂಡದ್ದು ತೀರ ಕಡಿಮೆ. ಅಂದರೆ ಗ್ರಹ ಬಹಳ ನಿಧಾನವಾಗಿ ತಿರುಗುತ್ತಿದೆ.

ದಿಕ್ಕು ಹೇಗೆ ತಿಳಿಯಿತು ಅನ್ನುವುದು ಇನ್ನೂ ಚೆನ್ನಾಗಿದೆ. ಶುಕ್ರ ನಮ್ಮ ಪಕ್ಕದಲ್ಲೇ ನಮ್ಮನ್ನು ದಾಟಿ ಹೋಗುವ ದಿನಗಳಲ್ಲಿ ನಾವು ಅದನ್ನು ನೋಡುವ ಕೋನವೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಗ್ರಹ ತಿರುಗದೇ ಇದ್ದರೂ ನಮಗೆ ಅದರ ಬೇರೆ ಬೇರೆ ಮಗ್ಗುಲು ಕಾಣುತ್ತದೆ. ಗ್ರಹ ಎಲ್ಲರಂತೆ ಮುಂದಕ್ಕೆ ತಿರುಗುತ್ತಿದ್ದರೆ ಈ ಎರಡು ಚಲನೆಗಳು ಕೂಡಿಕೊಂಡು, ಅತಿ ಹತ್ತಿರದ ದಿನ ಪ್ರತಿಧ್ವನಿ ಹೆಚ್ಚು ಅಗಲವಾಗಬೇಕು. ಹಿಂದಕ್ಕೆ ತಿರುಗುತ್ತಿದ್ದರೆ ಒಂದನ್ನೊಂದು ಕಳೆದು, ಅದೇ ದಿನ ಅಗಲ ಅತಿ ಕಡಿಮೆ ಆಗಬೇಕು. ಅಳತೆಗಳು ಹೇಳಿದ್ದು ಎರಡನೆಯದನ್ನು. ಶುಕ್ರ ಹಿಂದಕ್ಕೆ ತಿರುಗುತ್ತಿದೆ, ಒಂದು ತಿರುಗಿಗೆ ಸುಮಾರು 240 ದಿನ ಹಿಡಿಯುತ್ತದೆ.

ಒಂದು ಪ್ರದಕ್ಷಿಣೆಯ ಲೆಕ್ಕ

ಈಗ 'ದಿನ' ಅಂದರೆ ಏನು ಅಂತ ನೋಡೋಣ. ದೇವಸ್ಥಾನದಲ್ಲಿ ಗರ್ಭಗುಡಿಗೆ ಪ್ರದಕ್ಷಿಣೆ ಹಾಕುತ್ತಿದ್ದೀರಿ. ಗರ್ಭಗುಡಿ ಸೂರ್ಯ, ನೀವು ಗ್ರಹ. ಒಂದು ಸುತ್ತು ಒಂದು ವರ್ಷ. ದಿಕ್ಕು ಯಾವುದಾದರೂ ಲೆಕ್ಕ ಒಂದೇ.

ಮೊದಲು ಗುಡಿಯ ಕಡೆಗೇ ಮುಖ ಇಟ್ಟುಕೊಂಡು ಅಡ್ಡಡ್ಡ ಹೆಜ್ಜೆ ಹಾಕುತ್ತಾ ಸುತ್ತು ಬನ್ನಿ. ಹೊರಗಿನವರು ನೋಡಿದರೆ ನೀವು ಒಂದು ಸುತ್ತಿನಲ್ಲಿ ಪೂರ್ತಿ ಒಂದು ಸಲ ತಿರುಗಿರುತ್ತೀರಿ: ಒಮ್ಮೆ ಉತ್ತರಕ್ಕೆ, ಒಮ್ಮೆ ದಕ್ಷಿಣಕ್ಕೆ ಮುಖ ಮಾಡಿರುತ್ತೀರಿ. ಆದರೆ ಗುಡಿ ನಿಮ್ಮ ಎದುರಿನಿಂದ ಅಲ್ಲಾಡಿಯೇ ಇಲ್ಲ. ನಿಮಗೆ ಸದಾ ನಡುಹಗಲು, ಬೆನ್ನಿಗೆ ಸದಾ ರಾತ್ರಿ.

ಎರಡನೇ ಸಲ, ಇಡೀ ಸುತ್ತು ಪೂರ್ವಕ್ಕೇ ಮುಖ ಇಟ್ಟುಕೊಂಡು ಹೋಗಿ. ಈಗ ನೀವು ತಿರುಗಿಲ್ಲ. ಆದರೂ ಗುಡಿ ಒಮ್ಮೆ ಎದುರಿಗೆ, ಒಮ್ಮೆ ಎಡಕ್ಕೆ ಅಥವಾ ಬಲಕ್ಕೆ, ಒಮ್ಮೆ ಬೆನ್ನಿಗೆ ಬರುತ್ತದೆ. ಒಂದು ಸುತ್ತಿಗೆ ಒಂದು ಹಗಲು, ಒಂದು ರಾತ್ರಿ.

ಮೂರನೇ ಸಲ, ಹೋಗುವ ದಿಕ್ಕಿಗೆ ವಿರುದ್ಧವಾಗಿ ನಿಧಾನಕ್ಕೆ ತಿರುಗುತ್ತಾ ಹೋಗಿ. ಈಗ ಗುಡಿ ಒಂದೇ ಸುತ್ತಿನಲ್ಲಿ ಹೆಚ್ಚುಕಡಿಮೆ ಎರಡು ಸಲ ನಿಮ್ಮ ಎದುರಿಗೆ ಬರುತ್ತದೆ. ಇದೇ ಶುಕ್ರ.

ಅಂಕಿಯಲ್ಲಿ ಹೇಳಿದರೆ, ಶುಕ್ರ ನಮ್ಮ ಒಂದು ದಿನದಲ್ಲಿ ಕಕ್ಷೆಯ ಮೇಲೆ 1.60 ಡಿಗ್ರಿ ಮುಂದೆ ಹೋಗುತ್ತದೆ, ತನ್ನ ಸುತ್ತ 1.48 ಡಿಗ್ರಿ ಹಿಂದಕ್ಕೆ ತಿರುಗುತ್ತದೆ. ದಿಕ್ಕು ವಿರುದ್ಧವಾದ್ದರಿಂದ ಎರಡನ್ನೂ ಕೂಡಬೇಕು: 3.08 ಡಿಗ್ರಿ. ಅಲ್ಲಿ ನಿಂತವರಿಗೆ ಸೂರ್ಯ ದಿನಕ್ಕೆ ಇಷ್ಟು ಸರಿಯುತ್ತಾನೆ. 360ನ್ನು 3.08ರಿಂದ ಭಾಗಿಸಿದರೆ ಬರುವುದು ಸುಮಾರು 117. ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯಕ್ಕೆ ನಮ್ಮ 117 ದಿನ, ಸರಿಯಾಗಿ ಹೇಳಿದರೆ 116.75.

ಹಾಗಾಗಿ 'ಶುಕ್ರನಲ್ಲಿ ದಿನ ವರ್ಷಕ್ಕಿಂತ ದೊಡ್ಡದು' ಅನ್ನುವ ಮಾತು ನಕ್ಷತ್ರಗಳನ್ನು ಇಟ್ಟುಕೊಂಡು ಅಳೆದರೆ ನಿಜ, ಸೂರ್ಯನನ್ನು ಇಟ್ಟುಕೊಂಡು ಅಳೆದರೆ ನಿಜವಲ್ಲ. ಸೂರ್ಯನ ಲೆಕ್ಕದಲ್ಲಿ ಒಂದು ವರ್ಷಕ್ಕೆ ಹತ್ತಿರ ಹತ್ತಿರ ಎರಡು ದಿನ. ಇದು ಸುಮ್ನೆ ಪದಗಳ ಜಗಳ ಅಲ್ಲ. ಈ ಗ್ರಹವನ್ನು ಎಳೆಯುವುದೂ ಸೂರ್ಯ, ಅದರ ಗಾಳಿಯನ್ನು ಕಾಯಿಸುವುದೂ ಸೂರ್ಯ. ಆ ಬಲಗಳಿಗೆ ನಕ್ಷತ್ರದ ಲೆಕ್ಕ ಬೇಡ, ಸೂರ್ಯ ಎಷ್ಟು ಬೇಗ ಸರಿಯುತ್ತಾನೆ ಅನ್ನುವುದೊಂದೇ ಸಾಕು. ನಿಜವಾದ ಸುಳಿವು 243 ಅಲ್ಲ, 117.

ಕಲ್ಲಿನ ಬ್ರೇಕು

ಸಮುದ್ರದ ನೀರು ಉಬ್ಬಿದಂತೆ ಬಂಡೆಯೂ ಉಬ್ಬುತ್ತದೆ. ಸೂರ್ಯನ ಎಳೆತಕ್ಕೆ ಶುಕ್ರನ ಗಟ್ಟಿ ಒಡಲು ಸೂರ್ಯನ ಕಡೆಗೂ ಅದರ ಎದುರು ಕಡೆಗೂ ತುಸು ಉದ್ದವಾಗುತ್ತದೆ. ಹೀಗೆ ಉಬ್ಬಿಸುವ ಬಲ ದೂರದ ಘನಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಶುಕ್ರ ನಮಗಿಂತ ಸೂರ್ಯನಿಗೆ ಹತ್ತಿರ ಇರುವುದರಿಂದ ಅಲ್ಲಿ ಇದು ಭೂಮಿಗಿಂತ 2.6 ಪಟ್ಟು ಜಾಸ್ತಿ.

ಬಂಡೆ ತಕ್ಷಣ ಉಬ್ಬುವುದಿಲ್ಲ, ತಕ್ಷಣ ಇಳಿಯುವುದೂ ಇಲ್ಲ. ಅದು ಉಬ್ಬಿ ನಿಲ್ಲುವಷ್ಟರಲ್ಲಿ ಗ್ರಹ ಸ್ವಲ್ಪ ತಿರುಗಿರುತ್ತದೆ. ಹಾಗಾಗಿ ಉಬ್ಬು ಸೂರ್ಯನ ನೇರಕ್ಕೆ ಇರದೆ ಸಾಯಂಕಾಲದ ಮಗ್ಗುಲಿಗೆ ಸರಿದಿರುತ್ತದೆ. ಸೂರ್ಯ ಅದನ್ನು ಹಿಡಿದು ವಾಪಸ್ ಎಳೆಯುತ್ತಾನೆ. ತಿರುಗುವ ವೇಗ ಕೊಂಚ ಕೊಂಚವೇ ಕಡಿಮೆಯಾಗುತ್ತಾ ಹೋಗುತ್ತದೆ. ಇದು ಬ್ರೇಕು. ಗ್ರಹ ಸೂರ್ಯನಿಗೆ ಒಂದೇ ಮುಖ ತೋರಿಸಿ ನಿಲ್ಲುವವರೆಗೆ ಇದು ಬಿಡುವುದಿಲ್ಲ. ನಮ್ಮ ಚಂದ್ರನಿಗೆ ಭೂಮಿ ಮಾಡಿರುವುದು ಇದನ್ನೇ.

ಶುಕ್ರನ ಕಕ್ಷೆ ಬಹುತೇಕ ಪೂರ್ತಿ ದುಂಡಗಿದೆ. ಗಾಳಿ ಇಲ್ಲದೇ ಹೋಗಿದ್ದರೆ ಅದು ಇಷ್ಟರಲ್ಲಿ 224.7 ದಿನಕ್ಕೆ ಒಂದು ಸಲ ಮುಂದಕ್ಕೆ ತಿರುಗುತ್ತಾ, ಒಂದು ಮುಖಕ್ಕೆ ಶಾಶ್ವತ ಹಗಲು, ಇನ್ನೊಂದಕ್ಕೆ ಶಾಶ್ವತ ರಾತ್ರಿ ಇಟ್ಟುಕೊಂಡು ನಿಲ್ಲಬೇಕಿತ್ತು. ಸ್ಕಿಯಾಪರೆಲ್ಲಿ ಹೇಳಿದ್ದು ಇದೇ ಸ್ಥಿತಿ. ಅದು ಹಾಗೆ ನಿಂತಿಲ್ಲ. ಯಾರೋ ಅದನ್ನು ಆ ಜಾಗದಿಂದ ಆಚೆಗೆ ತಳ್ಳುತ್ತಿದ್ದಾರೆ.

ಗಾಳಿಯ ತಳ್ಳಾಟ, ಮೊಬೈಲಿನಲ್ಲಿ ಕಂಡಂತೆ

ಗಾಳಿ ಗ್ರಹವನ್ನು ತಿರುಗಿಸಬಲ್ಲದು ಅಂದಾಗ ನನಗೆ ಮೊದಲು ನಂಬಿಕೆ ಬರಲಿಲ್ಲ. ನಂಬಿಸಿದ್ದು ಮೊಬೈಲಿನ ವಾಯುಭಾರ ಮಾಪಕ. ಮಳೆ, ಬಿರುಗಾಳಿ ಇಲ್ಲದ ಒಂದು ಫೆಬ್ರವರಿಯ ವಾರದಲ್ಲಿ ಬೆಂಗಳೂರಿನ ಮನೆಯಲ್ಲಿ ಅದನ್ನು ಒಂದೇ ಮೇಜಿನ ಮೇಲಿಟ್ಟು, ಗಂಟೆಗೊಮ್ಮೆ ನೋಡಿ ಬರೆದಿಟ್ಟುಕೊಂಡೆ. ಬೆಂಗಳೂರು ಎತ್ತರದಲ್ಲಿರುವುದರಿಂದ ಒತ್ತಡ 910 ಹೆಕ್ಟೋಪ್ಯಾಸ್ಕಲ್ ಆಸುಪಾಸು. ದಿನವೂ ಬೆಳಿಗ್ಗೆ ಹತ್ತರ ಹೊತ್ತಿಗೆ ಏರುತ್ತದೆ, ಸಂಜೆ ನಾಲ್ಕಕ್ಕೆ ಮೂರು–ನಾಲ್ಕು ಅಂಕಿ ಇಳಿಯುತ್ತದೆ, ರಾತ್ರಿ ಹತ್ತಕ್ಕೆ ಮತ್ತೆ ಏರುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಇಳಿಯುತ್ತದೆ. ಒಂದು ದಿನವೂ ತಪ್ಪಲಿಲ್ಲ. ನಿಮ್ಮ ಫೋನಿನಲ್ಲಿ ಈ ಸೆನ್ಸರ್ ಇದ್ದರೆ ನೀವೂ ನೋಡಬಹುದು.

ಇದು ಚಂದ್ರನ ಕೆಲಸ ಅಲ್ಲ. ಚಂದ್ರನದ್ದಾಗಿದ್ದರೆ ಹೊತ್ತು ದಿನಕ್ಕೆ ಐವತ್ತು ನಿಮಿಷ ಮುಂದೆ ಹೋಗುತ್ತಿತ್ತು. ಇದು ಸೂರ್ಯನ ಬಿಸಿಲಿನಿಂದ ಏಳುವ ಉಬ್ಬರ. ಬಿಸಿಯಾದ ಕಡೆ ಗಾಳಿ ಹಿಗ್ಗಿ ಅಕ್ಕಪಕ್ಕಕ್ಕೆ ಹರಿಯುತ್ತದೆ, ಇನ್ನೊಂದು ಕಡೆ ಗುಡ್ಡೆ ಬೀಳುತ್ತದೆ. ಒತ್ತಡ ಜಾಸ್ತಿ ಅಂದರೆ ತಲೆಯ ಮೇಲೆ ಗಾಳಿಯ ತೂಕ ಜಾಸ್ತಿ. ಅಂದರೆ ಭೂಮಿಯ ಗಾಳಿಗೂ ಎರಡು ಉಬ್ಬುಗಳಿವೆ: ಒಂದು ಬೆಳಿಗ್ಗೆ ಹತ್ತರ ಜಾಗದಲ್ಲಿ, ಇನ್ನೊಂದು ಅದರ ನೇರ ಎದುರಿಗೆ ರಾತ್ರಿ ಹತ್ತರ ಜಾಗದಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬಂಡೆಯ ಉಬ್ಬು ಮಧ್ಯಾಹ್ನ ದಾಟಿದ ಮಗ್ಗುಲಲ್ಲಿರುತ್ತದೆ. ಗಾಳಿಯ ಉಬ್ಬು ಮಧ್ಯಾಹ್ನ ಇನ್ನೂ ಆಗದ ಮಗ್ಗುಲಲ್ಲಿದೆ. ಸೂರ್ಯ ಈ ಉಬ್ಬನ್ನೂ ತನ್ನ ನೇರಕ್ಕೆ ಎಳೆಯುತ್ತಾನೆ. ಆದರೆ ಹತ್ತು ಗಂಟೆಯ ಜಾಗವನ್ನು ಹನ್ನೆರಡರ ಕಡೆಗೆ ಎಳೆಯುವುದು ಅಂದರೆ ಗ್ರಹವನ್ನು ಅದು ತಿರುಗುತ್ತಿರುವ ದಿಕ್ಕಿಗೇ ತಳ್ಳುವುದು. ಗಾಳಿ ನೆಲಕ್ಕೆ ಉಜ್ಜಿಕೊಂಡು, ಬೆಟ್ಟಗಳಿಗೆ ಒತ್ತಿಕೊಂಡು ಆ ತಳ್ಳನ್ನು ಗ್ರಹಕ್ಕೆ ದಾಟಿಸುತ್ತದೆ.

ಭೂಮಿಯಲ್ಲಿ ಈ ತಳ್ಳು ಇದ್ದೂ ಲೆಕ್ಕಕ್ಕಿಲ್ಲ. ಗಾಳಿ ತೆಳು, ಸಮುದ್ರದ ಬ್ರೇಕು ಜೋರು. ಶುಕ್ರನಲ್ಲಿ ನೆಲದ ಮೇಲಿನ ಒತ್ತಡ ನಮ್ಮ ಸಮುದ್ರಮಟ್ಟದ 92 ಪಟ್ಟು. ನಮ್ಮಲ್ಲಿ ಅಷ್ಟು ಒತ್ತಡ ಬೇಕಾದರೆ ಸಮುದ್ರದಲ್ಲಿ 900 ಮೀಟರಿಗೂ ಜಾಸ್ತಿ ಆಳಕ್ಕೆ ಇಳಿಯಬೇಕು. ಅಂಥ ದಟ್ಟ ಗಾಳಿ ನಿಧಾನವಾಗಿ, ವಾರಗಟ್ಟಲೆ ಒಂದೇ ಮಗ್ಗುಲು ಬಿಸಿಯಾದರೆ ಏನಾಗುತ್ತದೆ? 1969ರಲ್ಲಿ ಥಾಮಸ್ ಗೋಲ್ಡ್ ಮತ್ತು ಸ್ಟೀವನ್ ಸೋಟರ್ ಇದನ್ನೇ ಕೇಳಿ, ಶುಕ್ರನ ತಿರುಗು ಈ ಎರಡು ಉಬ್ಬರಗಳ ನಡುವಿನ ರಾಜಿ ಅಂದರು. ಆಮೇಲಿನ ಲೆಕ್ಕಗಳೆಲ್ಲ ಇದೇ ವಿಚಾರವನ್ನು ತಿದ್ದಿ ಬೆಳೆಸಿದವು.

ರಾಜಿ ಎಲ್ಲಿ ನಿಲ್ಲುತ್ತದೆ

ಗ್ರಹ ಸೂರ್ಯನ ಲೆಕ್ಕದಲ್ಲಿ ಬೇಗ ಬೇಗ ತಿರುಗುತ್ತಿದ್ದರೆ ಗಾಳಿಗೆ ಬಿಸಿಯಾಗಲು, ತಣ್ಣಗಾಗಲು ಪುರುಸೊತ್ತು ಸಿಗುವುದಿಲ್ಲ. ಗಾಳಿಯ ಉಬ್ಬು ಸಣ್ಣದಾಗುತ್ತದೆ. ಆಗ ಕಲ್ಲಿನ ಬ್ರೇಕು ಗೆಲ್ಲುತ್ತದೆ, ವೇಗ ಇಳಿಯುತ್ತದೆ. ತೀರ ನಿಧಾನವಾದರೆ ಗಾಳಿಗೆ ಹೊತ್ತು ಬೇಕಾದಷ್ಟು ಸಿಗುತ್ತದೆ, ಅದರ ಉಬ್ಬು ದೊಡ್ಡದಾಗುತ್ತದೆ. ಬಂಡೆಯ ಉಬ್ಬು ಆಗ ಹೆಚ್ಚುಕಡಿಮೆ ಸೂರ್ಯನ ನೇರಕ್ಕೇ ಇರುವುದರಿಂದ ಬ್ರೇಕಿಗೆ ಹಿಡಿತವೇ ಇರುವುದಿಲ್ಲ. ಆಗ ಗಾಳಿ ಗೆಲ್ಲುತ್ತದೆ, ವೇಗ ಏರುತ್ತದೆ. ನಡುವೆ ಎಲ್ಲೋ ಒಂದು ವೇಗದಲ್ಲಿ ಎರಡೂ ಸಮ. ಅಲ್ಲಿಂದ ಆಚೆ ಹೋದರೂ ಈಚೆ ಬಂದರೂ ಗ್ರಹ ಮತ್ತೆ ಅಲ್ಲಿಗೇ ವಾಪಸ್. ಶುಕ್ರನಿಗೆ ಆ ವೇಗ ಅಂದರೆ 117 ದಿನಕ್ಕೊಂದು ಸೂರ್ಯೋದಯ.

ಹಾಗಾದರೆ ಉಲ್ಟಾ ಯಾಕೆ? ರಾಜಿ ಹೇಳುವುದು ಸೂರ್ಯ 117 ದಿನಕ್ಕೆ ಒಂದು ಸುತ್ತು ಸರಿಯಬೇಕು ಅಂತ ಮಾತ್ರ. ಯಾವ ಕಡೆಗೆ ಸರಿಯಬೇಕು ಅಂತ ಹೇಳುವುದಿಲ್ಲ. ಹಾಗಾಗಿ ಉತ್ತರ ಎರಡು. ದಿನಕ್ಕೆ 3.08 ಡಿಗ್ರಿ ಅನ್ನುವುದನ್ನು ಕಕ್ಷೆಯ 1.60ಕ್ಕೆ ಕೂಡಿಸಿ, 4.68 ಡಿಗ್ರಿ ಮುಂದಕ್ಕೆ ಬರುತ್ತದೆ. ಅಂದರೆ 77 ದಿನಕ್ಕೆ ಒಂದು ತಿರುಗು, ಎಲ್ಲರಂತೆ ಮುಂದಕ್ಕೆ. ಅದೇ 3.08ನ್ನು 1.60ರಿಂದ ಕಳೆಯಿರಿ, 1.48 ಡಿಗ್ರಿ ಹಿಂದಕ್ಕೆ ಬರುತ್ತದೆ. ಅದೇ ನಮ್ಮ 243 ದಿನದ ಉಲ್ಟಾ ತಿರುಗು. ಎರಡು ಸ್ಥಿತಿಗಳಲ್ಲೂ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಅವೇ 117 ದಿನ. ಒಂದರಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಇನ್ನೊಂದರಲ್ಲಿ ಪಶ್ಚಿಮದಲ್ಲಿ. 243 ಅನ್ನುವುದಕ್ಕೆ ತನ್ನದೇ ಮಹತ್ವ ಏನೂ ಇಲ್ಲ, ಅದು ಈ ಕಳೆಯುವ ಲೆಕ್ಕದಲ್ಲಿ ಉಳಿದ ಶೇಷ. ವರ್ಷಕ್ಕಿಂತ ಉದ್ದ ಬಂದದ್ದೂ ಹಾಗೆಯೇ.

ಶುಕ್ರ ಈ ಎರಡರಲ್ಲಿ ಉಲ್ಟಾ ಸ್ಥಿತಿಗೆ ಹೇಗೆ ಬಂದು ಕುಳಿತಿತು ಅನ್ನುವುದನ್ನು 2001ರಲ್ಲಿ ಅಲೆಕ್ಸಾಂಡ್ರೆ ಕೊರೈಯಾ ಮತ್ತು ಜಾಕ್ ಲಸ್ಕಾರ್ ಲೆಕ್ಕ ಹಾಕಿದರು. ದಾರಿಗಳು ಎರಡು. ಒಂದರಲ್ಲಿ ಉಳಿದ ಗ್ರಹಗಳ ಎಳೆತಕ್ಕೆ ಸಿಕ್ಕಿ ಶುಕ್ರನ ಅಕ್ಷ ವಾಲುತ್ತಾ ವಾಲುತ್ತಾ ಕೊನೆಗೆ ತಲೆಕೆಳಗಾಗುತ್ತದೆ. ಮುಂದಕ್ಕೆ ತಿರುಗುತ್ತಿದ್ದ ಬುಗುರಿಯನ್ನು ತಲೆಕೆಳಗು ಹಿಡಿದರೆ ಅದು ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಹಾಗೆ. ಇನ್ನೊಂದರಲ್ಲಿ ಅಕ್ಷ ನೆಟ್ಟಗೇ ಇರುತ್ತದೆ. ವೇಗ ಇಳಿಯುತ್ತಾ ಬಂದು, ಒಂದು ಕಾಲದಲ್ಲಿ ನಕ್ಷತ್ರಗಳ ಲೆಕ್ಕದಲ್ಲಿ ಗ್ರಹ ಪೂರ್ತಿ ನಿಂತೇ ಹೋಗಿ, ಗಾಳಿಯ ತಳ್ಳಿಗೆ ಆಚೆ ಕಡೆಗೆ ತಿರುಗಲು ಶುರುಮಾಡುತ್ತದೆ. ಯಾವ ಬಂಡೆಯೂ ಬಂದು ಗುದ್ದಬೇಕಾಗಿಲ್ಲ.

ಇವತ್ತಿನ ಶುಕ್ರನನ್ನು ನೋಡಿ ಅದು ಬಂದ ದಾರಿ ಯಾವುದು ಅಂತ ಹೇಳಲು ಆಗುವುದಿಲ್ಲ. ಎರಡು ದಾರಿಗಳೂ ಮುಟ್ಟಿಸುವುದು ಒಂದೇ ಜಾಗಕ್ಕೆ. ಬಂಡೆ ಗುದ್ದಿದ್ದರೂ ಅಷ್ಟೆ: ಆಮೇಲಿನ ಕೋಟ್ಯಂತರ ವರ್ಷಗಳ ಹಗ್ಗಜಗ್ಗಾಟ ಆ ಗುರುತನ್ನು ಅಳಿಸಿಬಿಟ್ಟಿರುತ್ತದೆ. ಹಾಗಾಗಿ 'ಉಲ್ಟಾ ತಿರುಗುತ್ತದೆ, ಆದ್ದರಿಂದ ಏನೋ ಗುದ್ದಿರಬೇಕು' ಅನ್ನುವ ತರ್ಕ ನನಗೆ ಒಪ್ಪಿಗೆಯಾಗುವುದಿಲ್ಲ.

ಭೂಮಿಯ ಕೈವಾಡ ಇದೆಯಾ?

ಒಂದು ಕಾಲದಲ್ಲಿ ಇನ್ನೊಂದು ಅನುಮಾನ ಇತ್ತು. ಶುಕ್ರ ನಮಗೆ ಹತ್ತಿರ ಬರುವುದು ಸರಾಸರಿ 583.92 ದಿನಕ್ಕೊಮ್ಮೆ. ಶುಕ್ರನ ಐದು ಸೂರ್ಯೋದಯಗಳಿಗೆ 583.75 ದಿನ. ಪ್ರತಿ ಸಲ ಹತ್ತಿರ ಬಂದಾಗಲೂ ಅದು ನಮಗೆ ಹೆಚ್ಚುಕಡಿಮೆ ಅದೇ ಮುಖ ತೋರಿಸುತ್ತದೆ. ಭೂಮಿಯೇ ಅದನ್ನು ಹಿಡಿದುಕೊಂಡಿದೆಯೇನೋ ಅಂತ ಅನ್ನಿಸುವುದು ಸಹಜ.

ಹಿಡಿದಿದ್ದರೆ ತಿರುಗು ಕರಾರುವಾಕ್ಕಾಗಿ 243.16 ದಿನ ಇರಬೇಕು. ಅಳತೆ ಸಿಗುವುದು 243.02. ವ್ಯತ್ಯಾಸ ಮೂರು ಗಂಟೆಗೂ ಜಾಸ್ತಿ. ಅಳತೆಯ ತಪ್ಪು ಬರೀ ಕೆಲವು ನಿಮಿಷ. ಹಾಗಾಗಿ ಇದು ಕಾಕತಾಳೀಯ ಅಂತಲೇ ಈಗ ಹೆಚ್ಚಿನವರು ಒಪ್ಪುತ್ತಾರೆ.

ತೂಗಾಡುವ ದಿನ

ಗಾಳಿ ಮತ್ತು ನೆಲದ ನಡುವೆ ಕೊಡುಕೊಳ್ಳುವಿಕೆ ನಿಜವಾಗಿಯೂ ನಡೆಯುತ್ತಿದ್ದರೆ ಶುಕ್ರನ ತಿರುಗು ಗಡಿಯಾರದಂತೆ ಕಟ್ಟುನಿಟ್ಟಾಗಿ ಇರಬಾರದು, ತುಸು ತೂಗಾಡಬೇಕು. ಅದು ಹಾಗೇ ಇದೆ. 1990ರ ದಶಕದ ಆರಂಭದಲ್ಲಿ ಮೆಜೆಲನ್ ನೌಕೆ ಮಾಡಿದ ನಕ್ಷೆಯನ್ನು ಇಟ್ಟುಕೊಂಡು ಯುರೋಪಿನ ವೀನಸ್ ಎಕ್ಸ್‌ಪ್ರೆಸ್ ನೌಕೆಯವರು ಹುಡುಕಿದಾಗ, ನೆಲದ ಗುರುತುಗಳು ಇರಬೇಕಾದ ಜಾಗದಿಂದ ಸುಮಾರು 20 ಕಿಲೋಮೀಟರ್ ಆಚೆ ಇದ್ದವು. ಒಂದು ತಿರುಗು ಸರಾಸರಿ ಆರೂವರೆ ನಿಮಿಷ ಉದ್ದವಾಗಿದ್ದಂತೆ ಕಂಡಿತು.

2021ರಲ್ಲಿ ಜಾನ್-ಲುಕ್ ಮಾರ್ಗೋ ಅವರ ತಂಡ ಇನ್ನೂ ಸೂಕ್ಷ್ಮವಾದ ಅಳತೆ ಪ್ರಕಟಿಸಿತು. ಗೋಲ್ಡ್‌ಸ್ಟೋನ್‌ನಿಂದ ಕಳಿಸಿದ ಅಲೆ ಶುಕ್ರನ ಒರಟು ನೆಲಕ್ಕೆ ಬಡಿದು ಚುಕ್ಕೆ ಚುಕ್ಕೆಯಾಗಿ ಭೂಮಿಗೆ ವಾಪಸ್ ಬರುತ್ತದೆ. ಗ್ರಹ ತಿರುಗಿದಂತೆ ಆ ಚುಕ್ಕೆಗಳ ಚಿತ್ತಾರ ಭೂಮಿಯ ಮೇಲೆ ಸರಿಯುತ್ತಾ ಹೋಗುತ್ತದೆ. ಅದೇ ಚಿತ್ತಾರ ಗೋಲ್ಡ್‌ಸ್ಟೋನ್‌ನಲ್ಲಿ ಒಂದು ಕ್ಷಣ, ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನಲ್ಲಿ ಸುಮಾರು 20 ಸೆಕೆಂಡಿನ ವ್ಯತ್ಯಾಸದಲ್ಲಿ ಸಿಗುತ್ತದೆ. ಆ ಅಂತರವೇ ತಿರುಗುವ ವೇಗ. 2006ರಿಂದ 2020ರವರೆಗಿನ 21 ಅಳತೆಗಳ ಸರಾಸರಿ 243.0226 ದಿನ. ಆದರೆ ಒಂದೊಂದು ಅಳತೆ ಒಂದೊಂದು ಥರ, ವ್ಯತ್ಯಾಸ ಸುಮಾರು 20 ನಿಮಿಷ. ಗಾಳಿ ನೆಲವನ್ನು ಹಿಡಿದು ಅಲ್ಲಾಡಿಸುತ್ತಿರುವುದು ಇಲ್ಲಿ ಕಾಣುತ್ತದೆ. ಜಪಾನಿನ ಅಕತ್ಸುಕಿ ನೌಕೆ 2015ರಲ್ಲಿ ಆಫ್ರೊಡೈಟಿ ಎತ್ತರ ಪ್ರದೇಶದ ಮೇಲೆ ಹತ್ತು ಸಾವಿರ ಕಿಲೋಮೀಟರ್ ಉದ್ದದ ಬಿಲ್ಲಿನಾಕಾರದ ಅಲೆ ನಿಂತಿರುವುದನ್ನು ಕಂಡಿತು. ಬೆಟ್ಟಕ್ಕೆ ಗಾಳಿ ಒತ್ತುತ್ತಿರುವ ಗುರುತು ಅದು.

ಒಂದು ಮುಖ್ಯ ಅಳತೆ ಮಾತ್ರ ಇನ್ನೂ ಸಿಕ್ಕಿಲ್ಲ. ಬಂಡೆಯ ಉಬ್ಬು ಸೂರ್ಯನ ನೇರದಿಂದ ಎಷ್ಟು ಡಿಗ್ರಿ ಸರಿದಿದೆ? ಬ್ರೇಕಿನ ಬಲ ಆ ಕೋನದ ಮೇಲೆ ನಿಂತಿದೆ. ಅದು ಸಿಕ್ಕರೆ ಎರಡು ಕಡೆಯ ಎಳೆತಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಬಹುದು, ರಾಜಿ ಈಗ ನಿಜಕ್ಕೂ ಸಮ ಇದೆಯಾ ಅಥವಾ ಶುಕ್ರ ಇನ್ನೂ ಅಲ್ಲಿಗೆ ಹೋಗುತ್ತಿದೆಯಾ ಅಂತ ನೋಡಬಹುದು. ನಾಸಾದ ವೆರಿಟಾಸ್ ಮತ್ತು ಯುರೋಪಿನ ಎನ್‌ವಿಷನ್ ನೌಕೆಗಳ ಕೆಲಸದ ಪಟ್ಟಿಯಲ್ಲಿ ಶುಕ್ರನ ಆ ಉಬ್ಬರವನ್ನು ಅಳೆಯುವುದೂ ಸೇರಿದೆ.